ನೇಮಕಾತಿ ವೀಡಿಯೊದಲ್ಲಿ ಸಂಬಳದ ಮಾತು

ನಮ್ಮ ಸಣ್ಣ ಕಾರ್ಖಾನೆಗೆ ನುರಿತ ವೆಲ್ಡರ್‌ಗಳು ಬೇಕು. ವೀಡಿಯೊದಲ್ಲಿ ಸಂಬಳವನ್ನು ಹೇಗೆ ತಿಳಿಸಬೇಕು?

ಕಡಿತಗಳ ನಂತರ ಕೈಗೆ ಬರುವ ಖಚಿತ ಮೊತ್ತವನ್ನು ಆರಂಭದಲ್ಲೇ ಹೇಳಿ, ಅದನ್ನು ಪರದೆಯ ಮೇಲೂ ತೋರಿಸಿ. ಓವರ್‌ಟೈಮ್ ಸೇರಿಸಿ ‘ಇಷ್ಟರವರೆಗೆ ಗಳಿಸಬಹುದು’ ಎಂದರೆ, ಆರ್ಡರ್ ಕಡಿಮೆಯಿರುವ ತಿಂಗಳಲ್ಲಿ ಆ ಮೊತ್ತ ಸಿಗದೆ ಸೇರಿದವರು ಬಿಟ್ಟುಹೋಗುತ್ತಾರೆ. ಮಾತು ಹೀಗಿರಲಿ: “ತಿಂಗಳಿಗೆ ಕೈಗೆ ಬರುವುದು ಇಷ್ಟು, ಪಾಳಿ 8 ಗಂಟೆ, ಅದರಲ್ಲಿ ಅರ್ಧ ಗಂಟೆ ಊಟದ ಬಿಡುವು, ಓವರ್‌ಟೈಮ್ ಕಡ್ಡಾಯವಲ್ಲ, ಮಾಡಿದರೆ ಗಂಟೆಗೆ ಇಷ್ಟು. ಬೇಸಿಗೆಯಲ್ಲಿ ಶೆಡ್ ಬಿಸಿಯಾಗುತ್ತದೆ. ಹೊಗೆ ಹೀರುವ ಯಂತ್ರವಿದೆ, ಹೆಲ್ಮೆಟ್ ಮತ್ತು ಕೈಗವಸನ್ನು ನಾವೇ ಕೊಡುತ್ತೇವೆ. ಆಯ್ಕೆಗೆ 6 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟಿನ ಮೇಲೆ ಬೆಸುಗೆ ಪರೀಕ್ಷೆಯಿದೆ.” ಶೆಡ್ಡಿನ ದೃಶ್ಯಕ್ಕೆ ಸಂಗೀತ ಬೇಡ, ಅನುಭವಿ ಕೆಲಸಗಾರರು ಗ್ರೈಂಡರಿನ ನಿಜವಾದ ಸದ್ದಿನಿಂದಲೇ ಜಾಗವನ್ನು ಅಳೆಯುತ್ತಾರೆ.