ಯುರೋಪಾದ ಉಬ್ಬು ಅಲುಗದಿದ್ದರೆ ಬಿಸಿ ಎಲ್ಲಿಂದ?

> ಗುರುಗ್ರಹದ ಚಂದ್ರ ಯುರೋಪಾ ಯಾವಾಗಲೂ ಗುರುವಿಗೆ ಒಂದೇ ಮುಖ ತೋರಿಸುತ್ತೆ. ಹಾಗಾದ್ರೆ ಗುರುವಿನ ಸೆಳೆತದಿಂದ ಎದ್ದ ಉಬ್ಬು ಒಂದೇ ಕಡೆ ನಿಂತಿರುತ್ತೆ, ತಿಕ್ಕಾಟವೇ ಇಲ್ಲ. ನನ್ನ ಲೆಕ್ಕದಲ್ಲಿ ಬಿಸಿ ಸೊನ್ನೆ ಬರ್ತಿದೆ. ಎಲ್ಲಿ ತಪ್ಪು?

ನೀವು ಕಕ್ಷೆಯನ್ನು ಪೂರ್ತಿ ವೃತ್ತ ಅಂತ ಹಿಡಿದಿರಬೇಕು. ವೃತ್ತವಾದರೆ ಸೊನ್ನೆ ಬರುವುದೇ ಸರಿ.

ಮೊದಲು ಉತ್ಕೇಂದ್ರತೆ, ಅಂದರೆ ಕಕ್ಷೆ ವೃತ್ತಕ್ಕಿಂತ ಎಷ್ಟು ಉದ್ದುದ್ದ ಅನ್ನುವ ಅಳತೆ, 0.009 ಹಾಕಿ. ಗುರುವಿನಿಂದ ಸರಾಸರಿ ದೂರ ಸುಮಾರು 6,71,000 ಕಿ.ಮೀ., ಹಾಗಾಗಿ ಯುರೋಪಾ ಅದರಿಂದ ಸುಮಾರು 6,000 ಕಿ.ಮೀ. ಹತ್ತಿರಕ್ಕೂ ಅಷ್ಟೇ ದೂರಕ್ಕೂ ಹೋಗುತ್ತದೆ. ಇದೇನು ಮಹಾ ಅನ್ನಿಸಬಹುದು, ಆದರೆ ಉಬ್ಬಿಸುವ ಬಲ ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಸಾವಿರ ಕಿ.ಮೀ. ಲೆಕ್ಕದಲ್ಲಿ ಅತಿ ದೂರದ 677 ಅನ್ನು ಅತಿ ಹತ್ತಿರದ 665ರಿಂದ ಭಾಗಿಸಿ ಘನ ತೆಗೆಯಿರಿ: 1.055. ಅಂದರೆ 3.55 ದಿನದ ಪ್ರತಿ ಸುತ್ತಿನಲ್ಲೂ ಬಲ ಶೇ. 5ಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಜೊತೆಗೆ ವೇಗವೂ ಬದಲಾಗುವುದರಿಂದ ಉಬ್ಬು ಸ್ವಲ್ಪ ಅತ್ತಿತ್ತ ಓಲಾಡುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುತ್ತಲ್ವಾ, ಹಾಗೆ.

ಈ ಬಿಸಿಯೇ ಕಕ್ಷೆಯನ್ನು ನಿಧಾನವಾಗಿ ದುಂಡಗೆ ಮಾಡಿಬಿಡಬೇಕಿತ್ತು. ಹಾಗಾಗಲು ಬಿಡದಿರುವುದು ಗುರುವಿನ ಇನ್ನೆರಡು ಚಂದ್ರಗಳಾದ ಅಯೋ ಮತ್ತು ಗ್ಯಾನಿಮೀಡ್. ಗ್ಯಾನಿಮೀಡ್ ಒಂದು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕುತ್ತವೆ, ಆ ತಾಳಬದ್ಧ ಎಳೆತವೇ ಉತ್ಕೇಂದ್ರತೆಯನ್ನು ಉಳಿಸುತ್ತದೆ. ಆದ್ದರಿಂದ ನಿಮ್ಮ ಮಾದರಿಯಲ್ಲಿ ಯುರೋಪಾ ಒಂದನ್ನೇ ಇಟ್ಟು ಕೋಟಿಗಟ್ಟಲೆ ವರ್ಷ ಓಡಿಸಬೇಡಿ, ಮತ್ತೆ ಸೊನ್ನೆಗೇ ಇಳಿಯುತ್ತದೆ. ಸದ್ಯಕ್ಕೆ 0.009 ಸ್ಥಿರವಾಗಿಡಿ.

ಬಿಸಿಯಲ್ಲಿ ಮಂಜುಗಡ್ಡೆಯ ಚಿಪ್ಪಿಗೆಷ್ಟು, ಒಳಗಿನ ಬಂಡೆಗೆಷ್ಟು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಎರಡಕ್ಕೂ ಬೇರೆ ಬೇರೆ ಬೆಲೆ ಕೊಟ್ಟು ಓಡಿಸಿ ನೋಡಿ.