ಆಪ್ತಸಲಹೆ ಪ್ರಕರಣ: ರೊಟ್ಟಿಯ ವಿಡಿಯೊ, ಸೊಸೆಯ ಮುಖ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಸ್ವಸಹಾಯ ಸಂಘ. ಸದಸ್ಯೆಯರು ಹನ್ನೆರಡು ಮಂದಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತಾರೆ. ಸಂಘದ ಪ್ರತಿನಿಧಿ ಆಪ್ತಸಲಹೆಗೆ ಬಂದಾಗ ಕೇಳಿದ್ದು ಇಷ್ಟೇ: ವಾರದ ಸಭೆಯಲ್ಲಿ ಐದು ನಿಮಿಷ ಮಾತಾಡಬೇಕು, ವಿಡಿಯೊ ಹಂಚುವಾಗ ಹುಷಾರಾಗಿರಿ ಎಂದು ಹೇಳಬೇಕು, ಒಂದು ಭಾಷಣ ಬರೆಯಲು ಸಹಾಯ ಬೇಕು.

ಅದರ ಹಿಂದಿನ ಸಂಗತಿ ನಿಧಾನವಾಗಿ ಹೊರಬಂತು. ರೊಟ್ಟಿ ತಟ್ಟುವ ಒಂದೂವರೆ ನಿಮಿಷದ ವಿಡಿಯೊ ಊರಿನ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಅಲ್ಲಿಂದ ಯಾರೋ ಎತ್ತಿಕೊಂಡು, ಸಂಘದ ಕಿರಿಯ ಸದಸ್ಯೆಯ ಮುಖವಿದ್ದ ಹತ್ತು ಸೆಕೆಂಡು ಕತ್ತರಿಸಿ, ಅಸಭ್ಯ ಹಾಡಿಗೆ ಜೋಡಿಸಿ ರೀಲ್ ಮಾಡಿದ್ದರು. ವಿಡಿಯೊದ ಕೊನೆಯಲ್ಲಿ ಆರ್ಡರ್‌ಗೆಂದು ಹಾಕಿದ್ದು ಅವಳದೇ ನಂಬರ್. ರಾತ್ರಿ ಹೊತ್ತು ಕರೆಗಳು ಶುರುವಾದವು. ಗಂಡನ ಮನೆಯವರು ಫೋನ್ ಕಸಿದುಕೊಂಡರು. ಎರಡು ಸಭೆಗಳಿಂದ ಅವಳು ಬಂದಿಲ್ಲ.

ಪ್ರತಿನಿಧಿ ಬರೆದು ತಂದಿದ್ದ ಕರಡು "ಮೊನ್ನೆ ನಮ್ಮೊಳಗೊಬ್ಬಾಕಿಗೆ ಏನಾತು ಎಲ್ಲಾರಿಗೂ ಗೊತ್ತೈತಿ" ಎಂದು ಶುರುವಾಗಿತ್ತು. ಮೊದಲ ಸಲಹೆ, ಆ ಸಾಲು ತೆಗೆಯಿರಿ. ಹನ್ನೆರಡು ಜನರ ಕೋಣೆಯಲ್ಲಿ ಹೆಸರು ಹೇಳದಿದ್ದರೂ ಎಲ್ಲರ ಕಣ್ಣು ಒಂದೇ ಕಡೆ ಹೋಗುತ್ತದೆ. ಅವಳು ಬಾರದಿದ್ದರೆ ಅವಳ ಖಾಲಿ ಜಾಗಕ್ಕೆ ಹೋಗುತ್ತದೆ. ಭಾಷಣಕ್ಕೆ ಮೊದಲು ಅವಳ ಮನೆಗೆ ಹೋಗಿ, ಈ ವಿಷಯ ಎತ್ತಲೇ ಎಂದು ಕೇಳಬೇಕು. ಬೇಡವೆಂದರೆ ಬೇಡ. ಅತ್ತೆಯ ಜೊತೆ ಬೇರೆಯಾಗಿ ಕೂತು, "ವಿಡಿಯೊ ಸಂಘದ್ದು, ನಂಬರ್ ಹಾಕಿದ್ದೂ ಸಂಘದ ತೀರ್ಮಾನ, ನಿಮ್ಮ ಸೊಸೆ ತಾನಾಗಿ ಏನೂ ಹಾಕಿಲ್ಲ" ಎಂದು ಪ್ರತಿನಿಧಿಯೇ ಹೇಳಬೇಕು. ಈ ಮಾತು ಸೊಸೆಯ ಬಾಯಿಂದ ಬಂದರೆ ಸಮಜಾಯಿಷಿ ಆಗುತ್ತದೆ, ಸಂಘದಿಂದ ಬಂದರೆ ಹೊಣೆ ಆಗುತ್ತದೆ.

ಎರಡನೆಯದು ಒಪ್ಪಿಗೆಯ ಪ್ರಶ್ನೆ. "ಎಲ್ಲಾರನ್ನೂ ಕೇಳೇ ಮಾಡೇವ್ರಿ" ಎಂದರು ಪ್ರತಿನಿಧಿ. ಕೇಳಿದ್ದು ಸಭೆಯಲ್ಲಿ, ಎಲ್ಲರೆದುರು, ಕ್ಯಾಮೆರಾ ಆನ್ ಆದ ಮೇಲೆ. ಆ ಹೊತ್ತಿಗೆ ಹಿರಿಯರ ಮುಂದೆ ಒಲ್ಲೆ ಎನ್ನುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಅದು ಒಪ್ಪಿಗೆಯಲ್ಲ, ಸಂಕೋಚ. ಹಿಂದಿನ ದಿನ ಒಬ್ಬೊಬ್ಬರನ್ನೇ ಕೇಳಬೇಕು. ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು: ಮುಖ ತೋರಿಸಲೇ, ದನಿ ಇರಲೇ, ಎಲ್ಲಿಗೆ ಕಳಿಸಲಿ. ಗಿರಾಕಿಗೆ ಕಳಿಸಲು ಒಪ್ಪಿದವರು ಊರ ಗುಂಪಿಗೂ ಒಪ್ಪಿದ್ದಾರೆ ಎಂದು ಹಿಡಿಯುವಂತಿಲ್ಲ. ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಬಾರದು, ಅದನ್ನು ಒಕ್ಕೂಟದವರೂ ನೋಡುತ್ತಾರೆ. ಬೇರೆ ಹಾಳೆಯಲ್ಲಿ ಬರೆದು ಪ್ರತಿನಿಧಿಯ ಹತ್ತಿರ ಇರಲಿ.

ಆಮೇಲೆ ಮೂಲ ವಿಡಿಯೊವನ್ನು ತಡೆದು ತಡೆದು ನೋಡಲಾಯಿತು. ಮುಖ ಒಂದೇ ಅಲ್ಲ ಸಿಕ್ಕಿದ್ದು. 38ನೇ ಸೆಕೆಂಡಿಗೆ ಹಿಂದಿನ ಗೂಡಿನಲ್ಲಿ ತೆರೆದಿಟ್ಟ ಪಾಸ್‌ಬುಕ್, ಅದರ ಅಕೌಂಟ್ ನಂಬರ್ ಓದುವಷ್ಟು ಸ್ಪಷ್ಟ. ಅದರ ಪಕ್ಕ ನಿಂತ ಮಗುವಿನ ಅಂಗಿಯ ಮೇಲೆ ಶಾಲೆಯ ಬ್ಯಾಡ್ಜ್. ತೆಗೆಯುವಾಗ ಕಣ್ಣು ರೊಟ್ಟಿಯ ಮೇಲೆ ಇರುತ್ತದೆ, ಹಿಂದಿನ ಗೋಡೆ ಯಾರಿಗೂ ಕಾಣುವುದಿಲ್ಲ.

ಇಷ್ಟು ಮಾತಾದ ಮೇಲೆ ಭಾಷಣ ಹೀಗೆ ತಿದ್ದಿಕೊಂಡಿತು:

"ಅಕ್ಕಾರ, ತಂಗ್ಯಾರ, ಐದು ನಿಮಿಷ ಕೇಳ್ರಿ. ನಮ್ಮ ರೊಟ್ಟಿ ಮಾರಾಕ ವಿಡಿಯೊ ಬೇಕು, ಅದನ್ನ ನಿಲ್ಸೂದು ಬ್ಯಾಡ. ಆದ್ರ ಗಿರಾಕಿಗೆ ಬೇಕಾಗಿರೂದು ರೊಟ್ಟಿ ಎಷ್ಟು ತೆಳ್ಳಗೈತಿ, ಹೆಂಗ ಉಬ್ಬತೈತಿ, ಎಷ್ಟು ಸ್ವಚ್ಛ ಐತಿ ಅನ್ನೂದು. ಅದಕ್ಕ ಕೈ ಕಂಡ್ರ ಸಾಕು.

ಇನ್ನ ಮ್ಯಾಲೆ ಫೋನು ಎದಿಮಟ್ಟ ಹಿಡದು ಕೆಳಗ ಬಾಗ್ಸಿ ತಗೀರಿ. ಕೊಣಮಗಿ, ಹಂಚು, ಮೊಣಕೈ ತನಕ ಕೈ, ಅಷ್ಟ ಬರ್ಲಿ. ತಗೀಯೂಕಿಂತ ಮುಂಚೆ ಹಿಂದಿನ ಗ್ವಾಡಿ ನೋಡ್ರಿ: ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಇದ್ರ ತಗದಿಡ್ರಿ. ಮಕ್ಕಳು ಅಡ್ಡ ಬರಬಾರ್ದು, ಸಾಲಿ ಅಂಗಿ ಮ್ಯಾಲಂತೂ ಬ್ಯಾಡ.

ದನಿ ಬ್ಯಾಡ ಅಂದವರದು ಇದ್ರ, ವಾಟ್ಸಾಪಿನ್ಯಾಗ ಕಳ್ಸೂ ಮುಂಚೆ ಮ್ಯಾಲೆ ಸ್ಪೀಕರ್ ಗುರ್ತು ಇರ್ತೈತಿ, ಅದನ್ನ ಒತ್ತಿದ್ರ ಸಪ್ಪಳ ಹೋಗ್ತೈತಿ. ಅಲ್ಲೇ ಎರಡೂ ತುದಿ ಎಳದು ಬ್ಯಾಡಾದ ಭಾಗ ಕತ್ತರಿಸಬಹುದು. ಪೂರ್ತಿ ಒಂದ್ಸಲ ನೋಡಿ, ಆಮ್ಯಾಗ ಕಳ್ಸ್ರಿ.

ಸ್ಟೇಟಸ್ ಇಪ್ಪತ್ನಾಕು ತಾಸಿಗೆ ಹೋಗ್ತೈತಿ ಅಂತ ನಂಬಬ್ಯಾಡ್ರಿ. ನೋಡಿದವ್ರು ಸ್ಕ್ರೀನ್ ರೆಕಾರ್ಡ್ ಮಾಡ್ಕೊಂಡ್ರ ನಮಗ ಗೊತ್ತಾಗೂದಿಲ್ಲ. ಗುಂಪಿಗೆ ಹಾಕಿದ್ದನ್ನ ಎಲ್ಲಾರಿಗೂ ಅಳಿಸೂ ಅವಕಾಶ ಸುಮಾರು ಎರಡು ದಿನ ಅಷ್ಟ. ಅಷ್ಟರಾಗ ಯಾರರೆ ಮುಂದ ಕಳಿಸಿದ್ದು ಹಂಗ ಉಳೀತೈತಿ.

ಆರ್ಡರಿಗೆ ಯಾರ ಸ್ವಂತ ನಂಬರೂ ಬ್ಯಾಡ. ಸಂಘದ್ದ ಒಂದು ಸಿಮ್ ತಗೊಳೂಣು. ರೊಕ್ಕ ಹಾಕ್ತೀನಿ, ಪಿನ್ ಒತ್ತ್ರಿ ಅಂತ ಯಾರರೆ ಅಂದ್ರ ಫೋನ್ ಇಡ್ರಿ. ರೊಕ್ಕ ಬರಾಕ ಪಿನ್ ಬೇಕಾಗೂದಿಲ್ಲ.

ಇವತ್ತು ಹೂಂ ಅಂದವರು ನಾಳೆ ಒಲ್ಲೆ ಅನ್ನಬಹುದು. ಯಾಕ ಅಂತ ಯಾರೂ ಕೇಳಂಗಿಲ್ಲ. ನಾಳೆ ಒಬ್ಬೊಬ್ಬರ ಮನಿಗೇ ಬಂದು ಕೇಳ್ತೀನಿ, ಇಲ್ಲಿ ಕೈ ಎತ್ತೂದು ಬ್ಯಾಡ."

ಮುಖ ಮಸುಕು ಮಾಡಿದರೆ ಸಾಲದೇ ಎಂದು ಪ್ರತಿನಿಧಿ ಕೇಳಿದ್ದರು. ಆಗುತ್ತದೆ, ಆದರೆ ಕುಂತವರು ತಿರುಗಿದಾಗ, ಎದ್ದಾಗ ಮಸುಕು ಜಾರಿ ಒಂದೆರಡು ಕ್ಷಣ ಮುಖ ಬಯಲಾಗುವುದುಂಟು. ಆ ಒಂದು ಕ್ಷಣದ ಸ್ಕ್ರೀನ್‌ಶಾಟ್ ಸಾಕು. ಮುಖವಿಲ್ಲದೆ ತೆಗೆಯುವುದೇ ಸುಲಭ.

ಆ ರೀಲ್ ಬಗ್ಗೆ ಕೊಟ್ಟ ಸಲಹೆ ಬೇರೆ. "ನೋಡ್ರಿ ಹೆಂಗ ಮಾಡ್ಯಾರ" ಎಂದು ಸದಸ್ಯೆಯರೇ ಅದನ್ನು ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಸಿಟ್ಟಿನಿಂದ ಕಳಿಸಿದರೂ ಅದು ಹರಡುವುದೇ. ಅದು ಮೊದಲು ನಿಲ್ಲಬೇಕು. ಹಾಕಿದವರ ಖಾತೆಯ ಹೆಸರು, ಲಿಂಕ್, ತಾರೀಖು ಕಾಣುವ ಸ್ಕ್ರೀನ್‌ಶಾಟ್ ಒಬ್ಬರ ಫೋನಿನಲ್ಲಿ ಇದ್ದರೆ ಸಾಕು. ಸ್ಕ್ರೀನ್‌ಶಾಟ್ ತೆಗೆದ ಮೇಲೆಯೇ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಬೇಕು. ಮೊದಲೇ ಮಾಡಿ ರೀಲ್ ಅಳಿದುಹೋದರೆ ದೂರಿಗೆ ಪುರಾವೆ ಉಳಿಯುವುದಿಲ್ಲ. ದೂರನ್ನು cybercrime.gov.in ತಾಣದ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಕೊಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಇಲ್ಲಿ ಹಣ ಹೋಗಿರಲಿಲ್ಲ. ದೂರು ಕೊಡುವ ತೀರ್ಮಾನ ಮಾತ್ರ ಆ ಸದಸ್ಯೆಯದೇ, ಸಂಘದ್ದಲ್ಲ ಎಂದು ಸ್ಪಷ್ಟವಾಗಿ ಹೇಳಲಾಯಿತು. ದೂರಿನ ವಿಷಯ ಮನೆಗೆ ಗೊತ್ತಾದರೆ ಅವಳಿಗೆ ಇನ್ನಷ್ಟು ಕಷ್ಟವಾಗಬಹುದು, ಅದನ್ನು ತೂಗಿ ನೋಡಬಲ್ಲವಳು ಅವಳೊಬ್ಬಳೇ.

ಮೂರು ವಾರದ ನಂತರ ಪ್ರತಿನಿಧಿ ಹಾಳೆಯೊಂದಿಗೆ ಬಂದರು. ಮುಖ ತೋರಿಸಲು ಒಪ್ಪಿದವರು ನಾಲ್ವರು, ಕೈ ಮಾತ್ರ ಎಂದವರು ಆರು ಮಂದಿ, ಏನೂ ಬೇಡ ಎಂದವರು ಇಬ್ಬರು. ಮೊದಲು ಸಭೆಯಲ್ಲಿ ಎಲ್ಲರೆದುರು ಕೇಳಿದಾಗ ಹನ್ನೆರಡೂ ಜನ ಹೂಂ ಅಂದಿದ್ದರು. ಕಿರಿಯ ಸದಸ್ಯೆ ದೂರು ಸದ್ಯಕ್ಕೆ ಬೇಡ ಎಂದಿದ್ದಾಳೆ. ಸ್ಕ್ರೀನ್‌ಶಾಟ್‌ಗಳು ಪ್ರತಿನಿಧಿಯ ಫೋನಿನಲ್ಲಿ ಇವೆ. ಅತ್ತೆ ಒಂದು ಸಭೆಗೆ ತಾವೇ ಜೊತೆಗೆ ಬಂದಿದ್ದರು. ಫೋನ್ ಇನ್ನೂ ಅವಳ ಕೈಗೆ ಬಂದಿಲ್ಲ, ಮುಂದಿನ ಭೇಟಿಯಲ್ಲಿ ಆ ವಿಷಯವಾಗಿ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ ಮಾತಾಡುವುದೆಂದು ಗೊತ್ತುಮಾಡಿದೆ.