ಅಡ್ಮಿಷನ್ ಬೇಕಿರಲಿಲ್ಲ ಅಂದವರಿಗೆ ಏನು ಬರೆಯಬೇಕು?

ಓದುಗರ ಪತ್ರ: ನನ್ನ ತಂಗಿಗೆ ಬೈಪೋಲಾರ್ ಕಾಯಿಲೆ. ನಾಲ್ಕು ರಾತ್ರಿ ನಿದ್ದೆಯಿಲ್ಲ, ಮಾತ್ರೆ ಬಿಸಾಕಿದಳು, ನಡುರಾತ್ರಿ ಸ್ಕೂಟರ್ ತೆಗೆದುಕೊಂಡು ಹೈವೇಗೆ ಹೋದಳು. ಆಸ್ಪತ್ರೆಗೆ ಬರಲು ಒಪ್ಪಲೇ ಇಲ್ಲ. ಕೊನೆಗೆ ನಾವೇ ಸೇರಿಸಿ 14 ದಿನ ಇಟ್ಟೆವು. 'ಒಪಿಡಿಯಲ್ಲೇ ಚಿಕಿತ್ಸೆ ಕೊಡಬಹುದಿತ್ತು' ಎಂದು ವಿಮಾ ಕಂಪನಿ ಕ್ಲೈಮ್ ತಿರಸ್ಕರಿಸಿದೆ. ಮೇಲ್ಮನವಿಯಲ್ಲಿ ಏನು ಬರೆಯಲಿ? – ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಮಾನಸಿಕ ಕಾಯಿಲೆಗೆ ಹಣ ಕೊಡಲ್ಲ ಅಂತ ಅವರು ಹೇಳಿಲ್ಲ, ಹೇಳುವ ಹಾಗೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 21(4) ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಅನ್ನುತ್ತದೆ. ಅದನ್ನು ಒಂದು ಸಾಲಲ್ಲಿ ಬರೆದು ಮುಂದೆ ಹೋಗಿ.

ಬೈಪೋಲಾರ್ ಎಷ್ಟು ಗಂಭೀರ ಕಾಯಿಲೆ ಅಂತ ಪುಟ ತುಂಬಿಸಬೇಡಿ. ಆ ಕಾಯಿಲೆಯ ಎಷ್ಟೋ ಜನ ಮನೆಯಲ್ಲೇ ಇದ್ದು ಮಾತ್ರೆ ತಗೊಳ್ತಾರೆ, ಅದು ಕಂಪನಿಯ ಡಾಕ್ಟರಿಗೂ ಗೊತ್ತು. ನೀವು ತೋರಿಸಬೇಕಾದ್ದು, ಆ ದಿನ ಅವಳನ್ನು ಮನೆಯಲ್ಲಿ ಸುರಕ್ಷಿತವಾಗಿ ನೋಡಿಕೊಳ್ಳಲು ಯಾಕೆ ಆಗುತ್ತಿರಲಿಲ್ಲ ಅನ್ನೋದನ್ನು.

ಡಿಸ್ಚಾರ್ಜ್ ಸಮ್ಮರಿ ಸಾಲದು. ಅದರಲ್ಲಿ ಸಾಮಾನ್ಯವಾಗಿ ರೋಗದ ಹೆಸರು, ಔಷಧಿ, 'ಸುಧಾರಿಸಿದ್ದಾರೆ' ಅನ್ನುವ ಮಾತು, ಅಷ್ಟೇ. ಪೂರ್ತಿ ಕೇಸ್ ಶೀಟ್ ಕೇಳಿ. ತಂಗಿ ಒಪ್ಪದೆ ಇದ್ದದ್ದರಿಂದ ಅಡ್ಮಿಷನ್ ಅದೇ ಕಾಯ್ದೆಯ ಸೆಕ್ಷನ್ 89ರ ಕೆಳಗೆ ಆಗಿರಬೇಕು. ಹಾಗಿದ್ದರೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಅವಳನ್ನು ಅದೇ ದಿನ ಅಥವಾ ಹಿಂದಿನ 7 ದಿನಗಳೊಳಗೆ ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ತನಗೆ ಅಪಾಯ, ಬೇರೆಯವರಿಗೆ ಅಪಾಯ, ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ, ಇವುಗಳಲ್ಲಿ ಒಂದಾದರೂ ಇದೆ ಅಂತ ಇಬ್ಬರೂ ಬರೆದಿರಬೇಕು. ನಿಮ್ಮ ಮನವಿಯ ಬೆನ್ನೆಲುಬು ಆ ಎರಡು ಹಾಳೆಗಳೇ. ಅವರಿಬ್ಬರೂ ತಂಗಿಯನ್ನು ಕಣ್ಣಾರೆ ನೋಡಿದವರು, ಕಂಪನಿಯ ಡಾಕ್ಟರ್ ನೋಡಿದ್ದು ಕಾಗದ ಮಾತ್ರ, ಇದನ್ನು ನೇರವಾಗಿಯೇ ಬರೆಯಿರಿ.

ಆಮೇಲೆ ನರ್ಸ್‌ಗಳ ದಿನದ ಟಿಪ್ಪಣಿ. ಬಿಪಿ, ನಾಡಿ ಸರಿಯಿತ್ತು ಅಂತ ಕಂಪನಿ ವಾದಿಸಿದರೆ ಅದಕ್ಕೆ ಉತ್ತರ ಅಲ್ಲಿರುತ್ತದೆ, ಯಾಕಂದರೆ ಮೇನಿಯಾದಲ್ಲಿ, ಅಂದರೆ ಬೈಪೋಲಾರ್‌ನ ಅತಿ ಉದ್ರೇಕದ ಹಂತದಲ್ಲಿ, ಬಿಪಿ ಸರಿಯಿದ್ದೂ ಬುದ್ಧಿ ಕೈಮೀರಿರಬಹುದು. ಮನವಿಯಲ್ಲಿ ಹೀಗೆ ಬರೆಯಬಹುದು: 'ರೋಗಿ ಮನೆಯಲ್ಲಿ ಮಾತ್ರೆ ನಿರಾಕರಿಸಿದ್ದರಿಂದ ಒಪಿಡಿ ಚಿಕಿತ್ಸೆ ಸಾಧ್ಯವಿರಲಿಲ್ಲ. ನಡುರಾತ್ರಿ ಹೈವೇಯಲ್ಲಿ ವಾಹನ ಓಡಿಸಿದ್ದು ಜೀವಕ್ಕೆ ಅಪಾಯ ತರುವಂಥದ್ದು. ಮೊದಲ ದಿನಗಳಲ್ಲಿ ಇಂಜೆಕ್ಷನ್ ಮತ್ತು ನಿರಂತರ ನಿಗಾ ಬೇಕಾಯಿತು.' ಪ್ರತಿ ಸಾಲಿನ ಮುಂದೆ ಕೇಸ್ ಶೀಟಿನ ತಾರೀಕು ಹಾಕಿ. ಶೀಟಿನಲ್ಲಿ ಇಲ್ಲದ್ದನ್ನು ಮಾತ್ರ ಸೇರಿಸಬೇಡಿ.

ಕೊನೆಯ ದಿನಗಳನ್ನೂ ಬಿಡಬೇಡಿ. 'ಐದನೇ ದಿನಕ್ಕೇ ಶಾಂತವಾಗಿದ್ದರಲ್ಲ' ಅನ್ನುತ್ತಾರೆ. ಲಿಥಿಯಂ ಶುರು ಮಾಡಿದ್ದರೆ, ರಕ್ತದಲ್ಲಿ ಅದರ ಮಟ್ಟ ನೋಡುವುದು ಸುಮಾರು 5 ದಿನದ ಮೇಲೆ, ಡೋಸ್ ಬದಲಿಸಿದರೆ ಮತ್ತೆ ನೋಡಬೇಕು. ಆ ರಿಪೋರ್ಟ್‌ಗಳ ಜೊತೆಗೆ, ಮೊದಲೇ ಯಾಕೆ ಮನೆಗೆ ಕಳಿಸಲಿಲ್ಲ ಅಂತ ಚಿಕಿತ್ಸೆ ಕೊಟ್ಟ ಮನೋವೈದ್ಯರಿಂದ ಸಹಿ ಹಾಕಿದ ಒಂದು ಪತ್ರ ತಗೊಳ್ಳಿ.

ಮನವಿಯನ್ನು ಕಂಪನಿಯ ದೂರು ವಿಭಾಗಕ್ಕೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಮತ್ತೆ ತಿರಸ್ಕರಿಸಿದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಟ್ಟಿರಬೇಕು.